ಸೇಲ್ಸ್ ಕೆಲಸಕ್ಕೆ ಬರೆಯುವ ಪತ್ರ



ಇಂದು ಪದವಿ ಪಡೆಯುತ್ತಿರುವ ನಿಮ್ಮಲ್ಲಿ ಹಲವರು ಇಂದೋ ನಾಳೆಯೋ ಸೇಲ್ಸ್ ಕೆಲಸಕ್ಕೆ ಅರ್ಜಿ ಹಾಕುವವರು. ಅಂಥ ಅರ್ಜಿಯ ಜೊತೆ ಬರುವ ಪತ್ರಗಳನ್ನು ಓದುವುದು ನನ್ನ ಕೆಲಸ. ಓದುವವರು ಅವುಗಳಲ್ಲಿ ಏನು ಹುಡುಕುತ್ತಾರೆ ಎಂಬುದನ್ನಷ್ಟೇ ಹೇಳುತ್ತೇನೆ.

‘ಟಾರ್ಗೆಟ್‌ನ ಶೇ 105 ಮುಟ್ಟಿದ್ದೇನೆ’ ಅಂತ ಬರೆದಿರುತ್ತೀರಿ. ನಾವು ಕೇಳುವ ಮೊದಲ ಪ್ರಶ್ನೆ: ಪ್ರೈಮರಿಯೋ, ಸೆಕೆಂಡರಿಯೋ? ಸೋಪು, ಬಿಸ್ಕತ್ತಿನ ವ್ಯಾಪಾರದಲ್ಲಿ ಕಂಪನಿಯಿಂದ ಡಿಸ್ಟ್ರಿಬ್ಯೂಟರ್‌ಗೆ ಹೋದ ಮಾಲು ಪ್ರೈಮರಿ, ಅಲ್ಲಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. 20 ಲಕ್ಷದ ಟಾರ್ಗೆಟ್ ಇದೆ ಎನ್ನಿ. ತಿಂಗಳ ಕೊನೆಗೆ ಕಾಡಿ ಬೇಡಿ ಡಿಸ್ಟ್ರಿಬ್ಯೂಟರ್ ಹೆಸರಿಗೆ 21 ಲಕ್ಷ ಬಿಲ್ ಮಾಡಿಸಿದಿರಿ. ಅಂಗಡಿಗಳಿಗೆ ಹೋದದ್ದು 14 ಲಕ್ಷದ ಮಾಲು. ಕಾಗದದಲ್ಲಿ ಶೇ 105 ಸರಿಯೇ, ಆದರೆ ಏಳು ಲಕ್ಷದ ಸರಕು ಗೋದಾಮಿನಲ್ಲಿ ಕೂತಿದೆ. ಮುಂದಿನ ತಿಂಗಳು ಆರ್ಡರ್ ಬರುವುದಿಲ್ಲ, ಹಣ ತಡವಾಗುತ್ತದೆ, ಕೊನೆಗೆ ಎಕ್ಸ್‌ಪೈರಿ ಮಾಲು ವಾಪಸ್ ಬರುತ್ತದೆ. ಅದಕ್ಕೇ ‘ಹಾವೇರಿ ಭಾಗದ ಆರು ಬೀಟ್‌ಗಳಲ್ಲಿ ಆರು ತಿಂಗಳಲ್ಲಿ ಸೆಕೆಂಡರಿ 14 ಲಕ್ಷದಿಂದ 17 ಲಕ್ಷಕ್ಕೆ ಏರಿತು’ ಎಂಬ ಸಾಲನ್ನು ನಾವು ಎರಡು ಸಲ ಓದುತ್ತೇವೆ. ಇಂಟರ್ನ್‌ಶಿಪ್ ಮಾಡಿದವರ ಅಂಕಿ ಚಿಕ್ಕದಿರಬಹುದು. ಎಲ್ಲಿ, ಎಷ್ಟು ದಿನ, ಎಷ್ಟಿದ್ದದ್ದು ಎಷ್ಟಾಯಿತು ಎಂದಿದ್ದರೆ ಸಾಕು.

ಹೊಸ ಗಿರಾಕಿಯನ್ನು ಹಿಡಿದ ವಿಷಯ ಬರೆಯುವಾಗ ಎರಡನೇ ಆರ್ಡರ್ ಬಂತೇ, ಹಣ ಬಂತೇ ಎಂಬುದನ್ನೂ ಬರೆಯಿರಿ. ಮೊದಲ ಆರ್ಡರನ್ನು ಮುಲಾಜಿಗೂ ಕೊಡುತ್ತಾರೆ.

ಇನ್ನು ‘ಬೇಡ’ ಅನ್ನಿಸಿಕೊಂಡ ಕಥೆ. ‘ನಾನು ಎದೆಗುಂದುವುದಿಲ್ಲ’ ಅಂತ ಬರೆದರೆ ನಮಗೆ ಏನೂ ತಿಳಿಯುವುದಿಲ್ಲ. ಅಂಗಡಿಯವರು ‘ರೇಟು ಜಾಸ್ತಿ’ ಅನ್ನುತ್ತಾರೆ, ‘ಮುಂದಿನ ವಾರ ಬಾರಪ್ಪಾ’ ಅನ್ನುತ್ತಾರೆ. ನಿಜವಾದ ಕಾರಣ ಎಷ್ಟೋ ಸಲ ಕೌಂಟರ್ ಕೆಳಗೆ ಇರುತ್ತದೆ: ಹಿಂದಿನ ಸೇಲ್ಸ್‌ಮನ್ ವಾಪಸ್ ಒಯ್ಯದೆ ಬಿಟ್ಟುಹೋದ, ದಿನ ಮೀರಿದ ಒಂದು ಪೆಟ್ಟಿಗೆ. ಅದನ್ನು ಕೇಳಿ ತಿಳಿದು, ಕ್ಲೇಮ್ ಹಾಕಿಸಿ, ದುಡ್ಡು ಮುರಿದುಕೊಡಿಸಿ, ಆಮೇಲೆ ಸಣ್ಣದೊಂದು ಆರ್ಡರ್ ತಂದಿದ್ದರೆ ಅಷ್ಟನ್ನೇ ನಾಲ್ಕು ಸಾಲಲ್ಲಿ ಬರೆಯಿರಿ. ಗೆಲ್ಲದೇ ಹೋದ ಒಂದು ಗಿರಾಕಿಯೂ ಪತ್ರದಲ್ಲಿರಲಿ. ‘ಅವರು 45 ದಿನ ಉದ್ದರಿ ಕೇಳಿದರು, ನಮ್ಮಲ್ಲಿ ಏಳೇ ದಿನ; ಬಿಟ್ಟುಬಂದೆ’ ಅಂದವರನ್ನು ನಾನಂತೂ ಸಂದರ್ಶನಕ್ಕೆ ಕರೆಯುತ್ತೇನೆ. ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಗೊತ್ತಿದೆ.

ಕೊನೆಯದಾಗಿ ಒಂದು ವಿನಂತಿ. ಹಳೇ ಕಂಪನಿಯ ಗಿರಾಕಿಗಳ ಹೆಸರು, ಅವರಿಗೆ ಕೊಟ್ಟ ರೇಟು ಪತ್ರದಲ್ಲಿ ಹಾಕಬೇಡಿ. ನಾಳೆ ನಮ್ಮ ರೇಟನ್ನೂ ಹೀಗೇ ಇನ್ನೊಬ್ಬರಿಗೆ ಕೊಡುತ್ತಾರೆ ಎಂದುಕೊಂಡು ನಾವು ಅಂಥ ಪತ್ರವನ್ನು ಬದಿಗಿಡುತ್ತೇವೆ.