ನಿದ್ರೆ ಸರಿದದ್ದೋ, ಗಡಿಯಾರ ಸರಿದದ್ದೋ?

ವೈಟ್‌ಫೀಲ್ಡಿನ ಕಂಪನಿಯೊಂದರ ಇಂಜಿನಿಯರೊಬ್ಬರು ಜನವರಿ ತಿಂಗಳಲ್ಲಿ ಒಂದು ವಾರ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬಂದರು ಎಂದಿಟ್ಟುಕೊಳ್ಳೋಣ. ಅಲ್ಲಿ ಅವರು ರಾತ್ರಿ 11 ಗಂಟೆಗೆ ಮಲಗಿ ಬೆಳಿಗ್ಗೆ 6ಕ್ಕೆ ಏಳುತ್ತಿದ್ದರು. ಬೆಂಗಳೂರಿಗೆ ಮರಳಿ ಫಿಟ್‌ನೆಸ್ ಬ್ಯಾಂಡಿನ ದಾಖಲೆಯನ್ನು ಮೊಬೈಲಿನಲ್ಲಿ ನೋಡಿದರೆ, ಅವರು ದಿನವೂ ಮಧ್ಯಾಹ್ನ 12.30ರಿಂದ ಸಂಜೆ 7.30ರವರೆಗೆ ನಿದ್ರಿಸಿದಂತೆ ಕಾಣುತ್ತದೆ! ಬ್ಯಾಂಡ್ ಕೆಟ್ಟಿತೇ? ಇಲ್ಲ. ಕಾರಣವನ್ನು ನೋಡೋಣ.

ಇಂತಹ ಸಾಧನಗಳು ಸಾಮಾನ್ಯವಾಗಿ ಊರಿನ ಗಂಟೆಯನ್ನು ಬರೆದಿಡುವುದಿಲ್ಲ. 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆಯಿತು ಎಂದು ವಿಶ್ವ ಸಮಯದಲ್ಲಿ ಎಣಿಸುತ್ತವೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವ ಸಮಯಕ್ಕಿಂತ 8 ಗಂಟೆ ಹಿಂದೆ. ಭಾರತ ಐದೂವರೆ ಗಂಟೆ ಮುಂದೆ. ಆದ್ದರಿಂದ ಅಲ್ಲಿನ ರಾತ್ರಿ 11 ಗಂಟೆ ಎಂದರೆ ವಿಶ್ವ ಸಮಯದಲ್ಲಿ ಮರುದಿನ ಬೆಳಿಗ್ಗೆ 7 ಗಂಟೆ. ದಾಖಲೆಯಲ್ಲಿ ಉಳಿಯುವುದು ಇದೇ. ತೋರಿಸುವಾಗ ಮೊಬೈಲು ತಾನು ಈಗ ಇರುವ ಊರಿನ ಐದೂವರೆ ಗಂಟೆಯನ್ನು ಕೂಡಿಸುತ್ತದೆ. ಬರುವ ಉತ್ತರ ಮಧ್ಯಾಹ್ನ 12.30. ಮಲಗಿದ ಊರಿನ ವ್ಯತ್ಯಾಸವನ್ನೂ ಪ್ರತಿ ನಿದ್ರೆಯ ಜೊತೆಗೆ ಬರೆದಿಟ್ಟಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಹಾಗೆ ಬರೆದಿಡುವ ಆಪ್‌ಗಳೂ ಇವೆ.

ಆದರೆ ದೂರ ಪ್ರಯಾಣದ ನಂತರ ನಿದ್ರೆ ನಿಜವಾಗಿಯೂ ಏರುಪೇರಾಗುತ್ತದೆಯಲ್ಲ? ಹೌದು. ದೇಹದೊಳಗಿನ ಗಡಿಯಾರ ಹೊಸ ಊರಿಗೆ ಹೊಂದಿಕೊಳ್ಳುವುದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ. ಹಾಗಾದರೆ ಎರಡನ್ನೂ ಬೇರ್ಪಡಿಸುವುದು ಹೇಗೆ?

ಲೆಕ್ಕದ ತಪ್ಪಾದರೆ ಅಲ್ಲಿದ್ದ ಎಲ್ಲ ರಾತ್ರಿಗಳೂ ಸರಿಯಾಗಿ ಹದಿಮೂರೂವರೆ ಗಂಟೆಯಷ್ಟೇ ಸರಿದಿರುತ್ತವೆ. ನಿದ್ರೆಯ ಒಟ್ಟು ಅವಧಿ 7 ಗಂಟೆಯಾಗಿಯೇ ಉಳಿದಿರುತ್ತದೆ. ದೇಹದ ಏರುಪೇರಾದರೆ ಮರಳಿದ ಮೇಲಿನ ರಾತ್ರಿಗಳಲ್ಲಿ ಕಾಣುತ್ತದೆ. ಅದು ದಿನದಿನಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ, ನಿದ್ರೆ ತುಂಡುತುಂಡಾಗಿಯೂ ಇರುತ್ತದೆ. ಇನ್ನೂ ಸಂದೇಹವಿದ್ದರೆ ಮೊಬೈಲಿನ ಕಾಲವಲಯವನ್ನು ಸ್ವಲ್ಪ ಹೊತ್ತು ಲಾಸ್ ಏಂಜಲೀಸ್ ಎಂದು ಬದಲಿಸಿ ನೋಡಬಹುದು. ಹಳೆಯ ದಾಖಲೆ ಮತ್ತೆ ರಾತ್ರಿ 11ಕ್ಕೆ ಬಂದು ನಿಂತರೆ, ಸರಿದದ್ದು ಗಡಿಯಾರವೇ ಹೊರತು ನಿದ್ರೆಯಲ್ಲ.

ಒಂದು ಎಚ್ಚರಿಕೆ. ಕೆಲವು ಸಾಧನಗಳು ಊರಿನ ಗಂಟೆಯನ್ನೇ ಬರೆದುಕೊಳ್ಳುತ್ತವೆ. ಮರಳುವ ವಿಮಾನದಲ್ಲಿ 4 ಗಂಟೆ ಮಲಗಿದ್ದಾಗ ನಡುವೆ ಅದರ ಗಡಿಯಾರ ಭಾರತದ ಸಮಯಕ್ಕೆ ಬದಲಾದರೆ, ಹದಿಮೂರೂವರೆ ಗಂಟೆ ಸೇರಿ ಹದಿನೇಳೂವರೆ ಗಂಟೆಯ ನಿದ್ರೆ ದಾಖಲಾಗುತ್ತದೆ. ಇಲ್ಲಿ ಅವಧಿಯೇ ಕೆಟ್ಟಿರುವುದರಿಂದ ಕಾಲವಲಯ ಬದಲಿಸಿದರೂ ಅದು ಸರಿಹೋಗದು. ಆ ಒಂದು ದಾಖಲೆಯನ್ನು ಕೈಯಿಂದ ತಿದ್ದಬೇಕು, ಇಲ್ಲವೇ ವಾರದ ಸರಾಸರಿಯಿಂದ ಬಿಟ್ಟುಬಿಡಬೇಕು.