ಮೂರು ಹೈಬ್ರಿಡ್ ಫಂಡು: ಒಳಗೇನದ, ಯಾರಿಗೆ ಹೊಂದ್ತದ
(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತಿನ ಬರಹ)



ಹೋದ ತಿಂಗಳು ನಮ್ಮ ಓಣಿಯ ಒಬ್ಬ ತಮ್ಮ ಮೂರು ಬಣ್ಣದ ಕಾಗದ ಹಿಡ್ಕೊಂಡು ಬಂದ. ಜಹೀರಾಬಾದ್ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಾನ. ಚೀಟಿ ಎತ್ತಿದ್ದು ಎರಡು ಲಕ್ಷ ಕೈಯಾಗಿತ್ತು. ಒಂದು ಕಾಗದದ ಮೇಲೆ ಬ್ಯಾಲೆನ್ಸ್ಡ್ ಅಡ್ವಾಂಟೇಜ್, ಇನ್ನೊಂದರ ಮೇಲೆ ಮಲ್ಟಿ ಅಸೆಟ್, ಮೂರನೇದರ ಮೇಲೆ ಅಗ್ರೆಸಿವ್ ಹೈಬ್ರಿಡ್ ಅಂತ ಇತ್ತು. "ಅಣ್ಣಾ, ಮೂರರಾಗೂ ಷೇರು ಅದ, ಸಾಲಪತ್ರ ಅದ ಅಂತಾರ. ಹಂಗಾದ್ರ ಫರಕೇನು?" ಅಂದ. ಅವನಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳ್ತೀನಿ. ಯಾವ ಕಂಪನಿ ಹೆಸರೂ ಹೇಳಂಗಿಲ್ಲ.

ಸರಳ ಇರೋದರಿಂದ ಅಗ್ರೆಸಿವ್ ಹೈಬ್ರಿಡ್ ಮೊದಲು ತಗೋತೀನಿ. ಸೆಬಿ 2017ರಲ್ಲಿ ಹಾಕಿದ ನಿಯಮದ ಪ್ರಕಾರ ಇದರಲ್ಲಿ ನೂರು ರೂಪಾಯಿಗೆ 65ರಿಂದ 80 ರೂಪಾಯಿ ಷೇರಿನಾಗೇ ಇರಬೇಕು. ಉಳಿದ 20ರಿಂದ 35 ಸಾಲಪತ್ರದಾಗ, ಅಂದ್ರ ಸರಕಾರಕ್ಕೋ ಕಂಪನಿಗೋ ಬಡ್ಡಿಗೆ ಕೊಟ್ಟ ರೊಕ್ಕ. ಬಜಾರ್ ಏರಲಿ, ಬೀಳಲಿ, ಮ್ಯಾನೇಜರ್ 65ಕ್ಕಿಂತ ಕೆಳಗೆ ಇಳಿಯೋ ಹಂಗಿಲ್ಲ. ಹಂಗಾಗಿ ಇದನ್ನ ಮುಕ್ಕಾಲು ಪಾಲು ಷೇರು ಅಂತಲೇ ತಿಳ್ಕೋರಿ.

2018ರ ಮೊದಲು ಇಂಥವನ್ನ ಬರೇ 'ಬ್ಯಾಲೆನ್ಸ್ಡ್ ಫಂಡ್' ಅಂತ ಮಾರ್ತಿದ್ರು. ತಿಂಗಳಾ ತಿಂಗಳಾ ಡಿವಿಡೆಂಡ್ ಬರ್ತದ, ಬ್ಯಾಂಕಿನ ಬಡ್ಡಿಗಿಂತ ಜಾಸ್ತಿ ಅಂತ ನಿವೃತ್ತಿ ಆದವರಿಗೂ ಹೊಂದಿಸಿ ಕೊಟ್ಟರು. ಆ ಡಿವಿಡೆಂಡ್ ಬಡ್ಡಿ ಅಲ್ಲರಿ. ನಿಮ್ಮ ಯೂನಿಟ್ ಬೆಲೆ 50 ರೂಪಾಯಿ ಇದ್ದು 40 ಪೈಸೆ ಹಂಚಿದ್ರ ಬೆಲೆ 49 ರೂಪಾಯಿ 60 ಪೈಸೆಗೆ ಇಳೀತದ. ನಿಮ್ಮ ಕಿಸೆಯ ರೊಕ್ಕ ನಿಮ್ಮ ಕೈಗೇ ಬಂದಂಗ. ಅದಕ್ಕೇ 2021ರ ಏಪ್ರಿಲ್‌ನಿಂದ ಡಿವಿಡೆಂಡ್ ಅನ್ನೋ ಹೆಸರು ತೆಗೆಸಿ IDCW ಅಂತ ಮಾಡಿಸಿದ್ರು. ಬಂಡವಾಳವನ್ನೂ ಹಿಂದಕ್ಕೆ ಕೊಡ್ತಿದ್ದೇವ ಅನ್ನೋದು ಆ ಹೆಸರಿನಾಗೇ ಅದ. ಫಾರ್ಮಿನ ಮೇಲೆ ಆ ನಾಲ್ಕು ಅಕ್ಷರ ಕಂಡ್ರ ಕೇಳ್ರಿ. ತಿಂಗಳ ರೊಕ್ಕ ಬೇಡ ಅಂದ್ರ Growth ಬರೆಸ್ರಿ.

ಈಗ ಬ್ಯಾಲೆನ್ಸ್ಡ್ ಅಡ್ವಾಂಟೇಜ್. ಗೊಂದಲ ಇರೋದು ಇಲ್ಲೇ. ಇದಕ್ಕೆ ಇಷ್ಟೇ ಷೇರು ಇರಬೇಕು ಅಂತ ಸೆಬಿ ಮಿತಿ ಇಟ್ಟಿಲ್ಲ. ಬಜಾರ್ ದುಬಾರಿ ಅನಿಸಿದಾಗ ಷೇರು ಕಡಿಮೆ ಮಾಡೋದು, ಅಗ್ಗ ಆದಾಗ ಹೆಚ್ಚು ಮಾಡೋದು ಇದರ ಪದ್ಧತಿ. ಆದರ ನಮ್ಮ ತಮ್ಮ ತಂದ ಕಾಗದದಾಗ ಷೇರು 68 ಅಂತ ಇತ್ತು. "ಇದೂ ಅಗ್ರೆಸಿವ್ ಇದ್ದಂಗೇ ಅದಲ್ಲ?" ಅಂದ. ಅಲ್ಲ. ಕೆಳಗ ಸಣ್ಣ ಅಕ್ಷರದಾಗ ಫ್ಯೂಚರ್ಸ್ ಅಂತ ಬರೆದು, ಮುಂದ -23 ಅಂತ ಇತ್ತು. ಆ ಕಳೆಯೋ ಗುರುತು ಬಹಳ ಮುಖ್ಯ.

ಅದರ ಅರ್ಥ ಹೀಂಗ. ಫಂಡು ಇವತ್ತು ಒಂದು ಷೇರು ನೂರು ರೂಪಾಯಿಗೆ ಕೊಳ್ತದ. ಅದೇ ದಿನ, ಅದೇ ಷೇರನ್ನ ತಿಂಗಳ ಕೊನೆಗೆ ನೂರು ರೂಪಾಯಿ 60 ಪೈಸೆಗೆ ಮಾರ್ತೀನಿ ಅಂತ ಕರಾರು ಮಾಡ್ಕೋತದ. ಷೇರು 80ಕ್ಕೆ ಬಿದ್ರ ಷೇರಿನಾಗ 20 ಹೋಯ್ತು, ಕರಾರಿನಾಗ 20 ರೂಪಾಯಿ 60 ಪೈಸೆ ಬಂತು. 120ಕ್ಕೆ ಏರಿದ್ರೂ ಕೈಗೆ ಉಳಿಯೋದು ಅದೇ 60 ಪೈಸೆ. ನೋಡಲಿಕ್ಕೆ ಷೇರು, ನಡತೆ ಬಡ್ಡಿ ರೊಕ್ಕದ್ದು. ಅಂದ್ರ ಏರಿಳಿತಕ್ಕೆ ಸಿಗೋ ಷೇರು 68ರಾಗ 23 ಕಳೆದು 45 ಮಾತ್ರ. ಇದನ್ನ ಫ್ಯಾಕ್ಟ್‌ಶೀಟಿನಾಗ Net Equity ಅಂತ ಕೊಟ್ಟಿರ್ತಾರ. ಕೊಟ್ಟಿಲ್ಲ ಅಂದ್ರ ನೀವೇ ಕಳೀರಿ.

ಈ ಸುತ್ತು ಯಾಕ ಅಂತೀರಿ? ತೆರಿಗೆಗಾಗಿ. ಸರಾಸರಿ 65 ಪಾಲು ನಮ್ಮ ದೇಶದ ಷೇರಿನಾಗ ಇದ್ರ ಅದು ಷೇರು ಫಂಡು ಅಂತ ಕಾನೂನು ಒಪ್ತದ, ಕರಾರು ಮಾಡಿಟ್ಟ ಷೇರೂ ಅದರಾಗ ಲೆಕ್ಕಕ್ಕೆ ಬರ್ತದ. 2024ರ ಜುಲೈ 23ರಿಂದ ಇಂಥ ಫಂಡನ್ನ ಒಂದು ವರ್ಷ ದಾಟಿ ಮಾರಿದ್ರ, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆ ನೂರಕ್ಕೆ 12.5.

ಇನ್ನೊಂದು ಎಚ್ಚರ. ಹೆಸರು ಒಂದೇ ಇದ್ದರೂ ಎರಡು ಕಂಪನಿಯ ಬ್ಯಾಲೆನ್ಸ್ಡ್ ಅಡ್ವಾಂಟೇಜ್ ಒಂದೇ ಅಲ್ಲ. ಒಂದು 45 ಇಟ್ಟಾಗ ಇನ್ನೊಂದು 65 ಇಟ್ಟಿರ್ತದ. ಹಂಗಾಗಿ ಒಂದು ತಿಂಗಳ ಕಾಗದ ಸಾಲದು. ಒಂದು ವರ್ಷದ್ದು ನೋಡ್ರಿ, ಬಜಾರ್ ಬಿದ್ದ ತಿಂಗಳದಾಗ ಎಷ್ಟಿತ್ತು ಅನ್ನೋದನ್ನೂ ನೋಡ್ರಿ.

ಮಲ್ಟಿ ಅಸೆಟ್‌ನಾಗ ಕನಿಷ್ಠ ಮೂರು ಬಗೆಯ ಆಸ್ತಿ ಇರಬೇಕು, ಒಂದೊಂದೂ ಹತ್ತಕ್ಕೆ ಕಡಿಮೆ ಇರಬಾರದು. ಸಾಮಾನ್ಯವಾಗಿ ಷೇರು, ಸಾಲಪತ್ರ, ಬಂಗಾರ. ಕೆಲವರು ಬೆಳ್ಳಿನೂ ಸೇರಿಸ್ತಾರ. ಬಂಗಾರ ಅಂದ್ರ ನಮ್ಮ ಅವ್ವಂದಿರು ನಂಬ್ತಾರ, ಸರಿ. ಆದರ ನಿಯಮ ಇನ್ನೊಮ್ಮೆ ಓದ್ರಿ: ಹತ್ತು ಬಂಗಾರ, ಹತ್ತು ಸಾಲಪತ್ರ, ಎಂಬತ್ತು ಷೇರು ಇಟ್ಟರೂ ಅದು ಮಲ್ಟಿ ಅಸೆಟ್ಟೇ. ಷೇರಿನ ಪಾಲು 65ಕ್ಕಿಂತ ಕಡಿಮೆ ಇದ್ದ ಫಂಡಿಗೆ ತೆರಿಗೆ ಲೆಕ್ಕನೂ ಬೇರೆ. ಇಲ್ಲೂ ಪಾಲು ನೋಡದೆ ಸಹಿ ಹಾಕಬ್ಯಾಡ್ರಿ.

ಈಗ ಆ ಎರಡು ಲಕ್ಷ ಹಿಡ್ಕೊಂಡು 2020ಕ್ಕೆ ಹೋಗೋಣ. ಜನವರಿ 14ಕ್ಕೆ ನಿಫ್ಟಿ ಸುಮಾರು 12,360 ಇತ್ತು. ಮಾರ್ಚ್ 23ಕ್ಕೆ 7,610. ನೂರಕ್ಕೆ 38 ಹೋಯ್ತು. ಷೇರಿನ ಪಾಲು ಅಷ್ಟೇ ಬಿತ್ತು, ಉಳಿದದ್ದು ಅಲುಗಲಿಲ್ಲ ಅಂತ ಹಿಡಿಯೋಣ. ಇದು ಲೆಕ್ಕ ಅಷ್ಟೇ, ಯಾವ ಫಂಡಿನ ನಿಜ ಫಲ ಅಲ್ಲ. ಅಗ್ರೆಸಿವ್‌ನಾಗ ಮುಕ್ಕಾಲು ಅಂದ್ರ ಒಂದೂವರೆ ಲಕ್ಷ ಷೇರು; 57,000 ಹೋಗಿ 1,43,000 ಉಳೀತದ. ಅರ್ಧ ಷೇರಿನ ಮಲ್ಟಿ ಅಸೆಟ್‌ನಾಗ 38,000 ಹೋಗಿ 1,62,000. ನಿವ್ವಳ 45 ಇದ್ದ ಬ್ಯಾಲೆನ್ಸ್ಡ್ ಅಡ್ವಾಂಟೇಜ್‌ನಾಗ 34,200 ಹೋಗಿ 1,65,800.

ಅದೇ ವರ್ಷ ನವೆಂಬರ್‌ದಾಗ ನಿಫ್ಟಿ ಮತ್ತ ಜನವರಿಯ ಮಟ್ಟ ದಾಟಿತು. ಕೈ ಹಚ್ಚದೆ ಕುಂತವರಿಗೆ ರೊಕ್ಕ ತಿರುಗಿ ಬಂತು. ಏಪ್ರಿಲ್‌ದಾಗ ಮಗಳ ಮದುವೆ ಇದ್ದವನಿಗೆ ಬರಲಿಲ್ಲ. ಏರುವಾಗ ಮಾತ್ರ ಲೆಕ್ಕ ತಿರುವು: 45 ಪಾಲು ಷೇರಿನವನು ಹಿಂದ ಬೀಳ್ತಾನ, 75ರವನು ಮುಂದ ಹೋಗ್ತಾನ.

ಹಂಗಾಗಿ ನಾನು ತಮ್ಮನಿಗೆ ಮೊದಲು ಕೇಳಿದ್ದು ಫಂಡಿನ ಮಾತಲ್ಲ. ರೊಕ್ಕ ಯಾವಾಗ ಬೇಕು ಅಂತ. ಎರಡು ಲಕ್ಷದಾಗ 80,000 ಬರೋ ವರ್ಷ ತಂಗಿ ಮದುವೆಗೆ ಬೇಕು ಅಂದ. ಅದಕ್ಕೆ ಈ ಮೂರೂ ಬ್ಯಾಡ, ಬ್ಯಾಂಕಿನ ಠೇವಣಿನೇ ಸರಿ ಅಂದೆ. ಉಳಿದ 1,20,000ಕ್ಕೆ ನಾಲ್ಕೈದು ವರ್ಷ ಕೆಲಸ ಇಲ್ಲ. ಆದರ ಅವನಿಗೆ ಷೇರು ಹೊಸದು, ಫೋನ್‌ದಾಗ ಕೆಂಪು ಅಂಕಿ ಕಂಡ್ರ ನಿದ್ದಿ ಬರಲ್ಲ ಅಂತ ತಾನೇ ಹೇಳಿದ. ಅಂಥವನಿಗೆ ನಿವ್ವಳ ಷೇರು 40-50ರ ಆಸುಪಾಸಿನ ಬ್ಯಾಲೆನ್ಸ್ಡ್ ಅಡ್ವಾಂಟೇಜ್ ಹೊಂದ್ತದ. ಅವನ ಜೋಡಿ ಬಂದ ಹುಡುಗನಿಗೆ 24 ವರ್ಷ, ಮನೆ ಜವಾಬ್ದಾರಿ ಇನ್ನೂ ಬಂದಿಲ್ಲ, ತಿಂಗಳಿಗೆ ಒಂದು ಸಾವಿರ ಏಳೆಂಟು ವರ್ಷ ಹಾಕ್ತೀನಿ ಅಂದ. ಅವನಿಗೆ ಅಗ್ರೆಸಿವ್ ಆಗ್ತದ. ಬೀಳೋ ತಿಂಗಳದಾಗೂ ಕಟ್ಟೋದು ನಿಲ್ಲಿಸಬಾರದು, ಅಷ್ಟೇ. ವರ್ಷಾ ವರ್ಷಾ ಬಂಗಾರ ಕೊಳ್ಳೋ ಅಕ್ಕಂದಿರು, ಹಾಕಿಕೊಳ್ಳಲಿಕ್ಕಲ್ಲ ಬರೇ ಇಡಲಿಕ್ಕ ಅಂತಿದ್ರ, ಮಲ್ಟಿ ಅಸೆಟ್ ನೋಡಬಹುದು. ಮಜೂರಿ ಇಲ್ಲ, ತೂಕದ ಮೋಸ ಇಲ್ಲ. ಆದರ ಮನೆಯಾಗ ಮೊದಲೇ ಬಂಗಾರ ಸಾಕಷ್ಟಿದ್ರ ಅದರ ಮೇಲೆ ಇದನ್ನೂ ತಗೊಳ್ಳೋದರಾಗ ನನಗ ಅರ್ಥ ಕಾಣಲ್ಲ.

ತಮ್ಮ ಇನ್ನೂ ಫಾರ್ಮ್ ತುಂಬಿಲ್ಲ. ಏಜೆಂಟನಿಗೆ ಹನ್ನೆರಡು ತಿಂಗಳ Net Equity ಕೇಳಿದಾನಂತ. ನಾಳೆ ತಂದು ಕೊಡ್ತೀನಿ ಅಂದವನು ಇನ್ನೂ ಬಂದಿಲ್ಲ. ಆ ಕಾಗದ ಫಂಡಿನ ವೆಬ್‌ಸೈಟಿನಾಗೇ ಇರ್ತದ, ತಿಂಗಳು ಮುಗಿದ ಹತ್ತು ದಿನದಾಗ ಯಾವ ಷೇರು ಎಷ್ಟು ಅಂತ ಅಲ್ಲಿ ಹಾಕಲೇಬೇಕು. ಊಟ ಆದ ಮ್ಯಾಲೆ ಫೋನ್ ತಗೊಂಡು ಬರ್ರಿ, ಕಳೆಯೋ ಗುರುತು ಎಲ್ಲಿರ್ತದ ತೋರಿಸ್ತೀನಿ.