ಸರಾಸರಿಗೆ ಸಿಗದ ಎಲೆಕ್ಟ್ರಾನ್



ನಾನು ಇಂದು ಹೈಡ್ರೋಜನ್ ಅಣುವೊಂದನ್ನೇ ಹಿಡಿದು ಮಾತಾಡುತ್ತೇನೆ. ಎರಡು ಪ್ರೋಟಾನ್, ಎರಡು ಎಲೆಕ್ಟ್ರಾನ್, ಅಷ್ಟೇ. ಆದರೂ ಬಹು ಎಲೆಕ್ಟ್ರಾನ್ ಲೆಕ್ಕದ ತೊಡಕು ಇದರಲ್ಲೇ ಪೂರ್ತಿ ಕಾಣುತ್ತದೆ.

ಎರಡು ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವೆ. ಒಂದು ಎಲ್ಲಿದೆ ಎಂಬುದರ ಮೇಲೆ ಇನ್ನೊಂದರ ನಡೆ ನಿಂತಿರುತ್ತದೆ. 1928ರಲ್ಲಿ ಹಾರ್ಟ್ರೀ ಒಂದು ದಾರಿ ಹುಡುಕಿದರು. ಇನ್ನೊಂದು ಎಲೆಕ್ಟ್ರಾನನ್ನು ಹರಡಿಕೊಂಡ ಮೋಡ ಎಂದುಕೊಂಡು, ಆ ಮೋಡದ ಸರಾಸರಿ ತಳ್ಳುವಿಕೆಯಲ್ಲಿ ಮೊದಲನೆಯದರ ಆರ್ಬಿಟಲ್ ಲೆಕ್ಕ ಹಾಕುವುದು. ಅದರಿಂದ ಬಂದ ಹೊಸ ಮೋಡ ಇಟ್ಟುಕೊಂಡು ಮತ್ತೆ ಲೆಕ್ಕ. ಉತ್ತರ ಬದಲಾಗದಿರುವವರೆಗೆ ಹೀಗೇ. 1930ರಲ್ಲಿ ಫಾಕ್ ಇದಕ್ಕೆ ಪೌಲಿ ನಿಯಮವನ್ನು ಸರಿಯಾಗಿ ಸೇರಿಸಿದರು. ಅದು ಒಂದೇ ಸ್ಪಿನ್ನಿನ ಎಲೆಕ್ಟ್ರಾನ್‌ಗಳನ್ನು ದೂರ ಇಡುತ್ತದೆ. ನಮ್ಮ ಅಣುವಿನ ಎರಡರದ್ದು ವಿರುದ್ಧ ಸ್ಪಿನ್, ಹಾಗಾಗಿ ಇಲ್ಲಿ ಅದರಿಂದ ಉಪಯೋಗವಿಲ್ಲ.

ಈ ವಿಧಾನ ಅಣುವಿನ ಒಟ್ಟು ಶಕ್ತಿಯ ಸುಮಾರು 96.5 ಭಾಗ ಕೊಡುತ್ತದೆ. ನೂರಕ್ಕೆ ಇಷ್ಟು ಬಂದರೆ ಸಾಕಲ್ಲ ಎನಿಸಬಹುದು. ಆದರೆ ಒಂಟಿ ಹೈಡ್ರೋಜನ್ ಪರಮಾಣುವಿನಲ್ಲಿ ತಳ್ಳಲು ಇನ್ನೊಂದು ಎಲೆಕ್ಟ್ರಾನೇ ಇಲ್ಲ, ಅಲ್ಲಿ ತಪ್ಪೂ ಇಲ್ಲ. ಆದ್ದರಿಂದ ಕೊರತೆಯೆಲ್ಲ ಬಂಧದ ಮೇಲೇ ಬೀಳುತ್ತದೆ: 4.75 ಎಲೆಕ್ಟ್ರಾನ್ ವೋಲ್ಟ್ ಇರಬೇಕಾದ ಬಂಧಶಕ್ತಿ 3.64 ಮಾತ್ರ ಬರುತ್ತದೆ.

ಈಗ ಪರಮಾಣುಗಳನ್ನು ದೂರಕ್ಕೆ ಎಳೆಯೋಣ. ಒಂದೇ ರೂಮಿನಲ್ಲಿರುವ, ಒಂದೇ ಫ್ಯಾಕ್ಟರಿಗೆ ಹೋಗುವ ಇಬ್ಬರನ್ನು ನೆನೆಸಿಕೊಳ್ಳಿ; ಒಬ್ಬರದು ಡೇ ಶಿಫ್ಟ್, ಇನ್ನೊಬ್ಬರದು ನೈಟ್ ಶಿಫ್ಟ್. ಪ್ರತಿಯೊಬ್ಬರೂ ಅರ್ಧ ದಿನ ರೂಮಿನಲ್ಲಿ, ಅರ್ಧ ದಿನ ಕೆಲಸದಲ್ಲಿ. ಈ ಸರಾಸರಿಯನ್ನಷ್ಟೇ ನೋಡಿದವರು, ಇಬ್ಬರೂ ಅರ್ಧ ಹೊತ್ತು ಒಂದೇ ಕಡೆ ಇರುತ್ತಾರೆ ಎಂದು ಲೆಕ್ಕ ಹಾಕುತ್ತಾರೆ. ನಿಜದಲ್ಲಿ ಅವರು ಮುಖ ನೋಡುವುದೇ ಅಪರೂಪ. ಹಾರ್ಟ್ರೀ-ಫಾಕ್ ಕೂಡ ಹಾಗೆಯೇ. ಎರಡು ಎಲೆಕ್ಟ್ರಾನೂ ಒಂದೇ ಪರಮಾಣುವಿನಲ್ಲಿರುವ ಸಾಧ್ಯತೆ ಅರ್ಧ ಎನ್ನುತ್ತದೆ. ದೂರದಲ್ಲಿ ಅಂಥ ಅಯಾನು ಜೋಡಿಗೆ ಸುಮಾರು 12.8 ಎಲೆಕ್ಟ್ರಾನ್ ವೋಲ್ಟ್ ಖರ್ಚಾಗುತ್ತದೆ. ಹಾಗಾಗಿ ಗ್ರಾಫು ಎರಡು ಪರಮಾಣುಗಳ ಶಕ್ತಿಗೆ ಬಂದು ನಿಲ್ಲದೆ ಬಹಳ ಮೇಲೆ ಹೋಗುತ್ತದೆ.

ಎರಡು ಸ್ಪಿನ್‌ಗಳಿಗೂ ಬೇರೆ ಬೇರೆ ಆರ್ಬಿಟಲ್ ಕೊಟ್ಟರೆ ಸುಮಾರು 1.2 ಆಂಗ್‌ಸ್ಟ್ರಾಮ್ ಆಚೆಗೆ ಒಂದು ಎಲೆಕ್ಟ್ರಾನ್ ಎಡಕ್ಕೆ, ಇನ್ನೊಂದು ಬಲಕ್ಕೆ ಸರಿಯುತ್ತದೆ. ಶಕ್ತಿ ಕೊನೆಗೆ ಸರಿಹೋಗುತ್ತದೆ. ಆದರೆ ಔಟ್‌ಪುಟ್‌ನಲ್ಲಿ S² ನೋಡಿ: ಸೊನ್ನೆ ಇರಬೇಕಾದದ್ದು 1ರ ಹತ್ತಿರ ಬಂದಿರುತ್ತದೆ. ಅಂದರೆ ಸಿಂಗ್ಲೆಟ್ ಜೊತೆ ಟ್ರಿಪ್ಲೆಟ್ ಬೆರೆತಿದೆ. ಶಕ್ತಿಯ ಸಾಲು ಮಾತ್ರ ಓದುವವರಿಗೆ ಇದು ಗೊತ್ತೇ ಆಗುವುದಿಲ್ಲ.

ನನ್ನ ಮಟ್ಟಿಗೆ ಪ್ರಾಮಾಣಿಕ ದಾರಿ, ಎರಡೂ ಎಲೆಕ್ಟ್ರಾನ್ ಪ್ರತಿಬಂಧಕ ಆರ್ಬಿಟಲ್‌ನಲ್ಲಿರುವ ಇನ್ನೊಂದು ವಿನ್ಯಾಸವನ್ನು ಋಣ ಚಿಹ್ನೆಯೊಂದಿಗೆ ಬೆರೆಸುವುದು. ಸಹಜ ದೂರದಲ್ಲಿ ಅದರ ಪಾಲು ಬಹಳ ಕಡಿಮೆ. ಪರಮಾಣುಗಳು ದೂರವಾದಾಗ ಎರಡೂ ಸಮಪಾಲು, ಆಗ ಅಯಾನು ಭಾಗಗಳು ಪೂರ್ತಿ ರದ್ದಾಗುತ್ತವೆ. ಒಂದೇ ವಿನ್ಯಾಸದಿಂದ ಹೊರಟು ಎರಡನೇ ದರ್ಜೆಯ ಸಣ್ಣ ತಿದ್ದುಪಡಿ ಸೇರಿಸುವ MP2 ಇಲ್ಲಿ ನೆರವಾಗುವುದಿಲ್ಲ: ಎರಡು ಆರ್ಬಿಟಲ್‌ಗಳ ಅಂತರ ಕುಗ್ಗುತ್ತಾ ಹೋದಂತೆ ಛೇದವೂ ಸಣ್ಣದಾಗಿ, ತಿದ್ದುಪಡಿ ಮಿತಿಮೀರಿ ಬೆಳೆದು ಗ್ರಾಫನ್ನು ತಪ್ಪಾಗಿ ಕೆಳಕ್ಕೆ ಎಳೆದುಬಿಡುತ್ತದೆ.